ಮೇಜು ಮೂವತ್ತು ಇಂಚು ಅಂದ್ರೆ ಚಿತ್ರದಲ್ಲೂ ಮೂವತ್ತು ಇಂಚು ಇರ್ಬೇಕು

ಇವತ್ತಿನ ವಿಷಯ ಚಿಕ್ಕದು. ಇಮೇಜ್ ಮಾಡೆಲ್‌ಗೆ ಪ್ರಾಂಪ್ಟ್ ಕೊಟ್ಟು, ಒಂದು ಮರದ ಮೇಜನ್ನ ಚೆಂದದ ಕೋಣೆಯಲ್ಲಿ ಇಟ್ಟ ಹಾಗೆ ಚಿತ್ರ ಮಾಡೋದು ಹೇಗೆ? ಅದರ ಅಳತೆ ಸುಳ್ಳಾಗಬಾರದು, ಮರದ ಎಳೆ ಕಾಣಬೇಕು, ಬೆಳಕು ಕಿಟಕಿಯಿಂದಲೇ ಬಂದ ಹಾಗಿರಬೇಕು.

ಟಿಟ್ವಾಳಾದಲ್ಲಿ ನಮ್ಮ ಸೊಸೈಟಿಯ ಹಿಂದೆ ಒಬ್ಬರು ಬಡಿಗೇರ ಕಾಕಾ ಇದ್ದಾರೆ. ವಿಜಯಪುರದ ಕಡೆಯವರು. ಶಟರ್ ಎಳೆಯೋ ಸಣ್ಣ ವರ್ಕ್‌ಶಾಪ್, ಇಬ್ಬರು ಹುಡುಗರು. ಉಲ್ಲಾಸನಗರದ ಫರ್ನಿಚರ್ ಬಜಾರಿನ ಜೊತೆ ಬೆಲೆಯಲ್ಲಿ ಪೈಪೋಟಿ ಮಾಡೋಕೆ ಇವರಿಗೆ ಆಗಲ್ಲ, ಯಾಕಂದ್ರೆ ಇವರು ಪ್ಲೈ ಮೇಲೆ ಲ್ಯಾಮಿನೇಟ್ ಅಂಟಿಸಲ್ಲ, ಸಾಗುವಾನಿಯನ್ನೇ ಕೊಯ್ದು ಮಾಡ್ತಾರೆ. ಗಿರಾಕಿಗಳು ಬರೋದು ವಾಟ್ಸಾಪ್ ಕ್ಯಾಟಲಾಗ್‌ನಿಂದ. ಖಾರ್ಘರ್‌ನಲ್ಲೋ ಡೊಂಬಿವಲಿಯಲ್ಲೋ ಕೂತವರು ಚಿತ್ರ ನೋಡಿ ಅಡ್ವಾನ್ಸ್ ಹಾಕ್ತಾರೆ. ಹಾಗಾಗಿ ಆ ಚಿತ್ರ ಬರೀ ಅಲಂಕಾರ ಅಲ್ಲ, ಹೆಚ್ಚುಕಡಿಮೆ ಒಪ್ಪಂದದ ಕಾಗದ. ಚಿತ್ರದಲ್ಲಿ ಒಂದು ಕಂಡು ಮನೆಗೆ ಇನ್ನೊಂದು ಬಂದ್ರೆ ಮೇಜು ಟೆಂಪೋದಲ್ಲಿ ವಾಪಸ್ ಬರುತ್ತೆ, ಬಾಡಿಗೆ ಕಾಕಾ ಕೊಡಬೇಕು.

ನಮ್ಮ ಕೇಸ್ ಒಂದೇ ಒಂದು ಊಟದ ಮೇಜು. ಉದ್ದ 60 ಇಂಚು, ಅಗಲ 36, ಎತ್ತರ 30. ಜೊತೆಗೆ 18 ಇಂಚು ಎತ್ತರದ ಒಂದು ಬೆಂಚು. ಮೊದಲು ಎಲ್ಲರೂ ಬರೆಯೋ ತರದ ಪ್ರಾಂಪ್ಟ್ ಕೊಟ್ಟು ನೋಡಿದ್ವಿ: ಸಾಗುವಾನಿ ಮೇಜು, 60x36x30 ಇಂಚು, ಸ್ಕ್ಯಾಂಡಿನೇವಿಯನ್ ಕೋಣೆ, ಸಂಜೆಯ ಹೊಂಬೆಳಕು. ಚಿತ್ರ ಬಹಳ ಚೆನ್ನಾಗೇ ಬಂತು. ಕಾಕಾ ಫೋನನ್ನ ದೂರ ಹಿಡಿದು ನೋಡಿ, "ಇದು ಊಟದ ಮೇಜ ಅಲ್ರೀ ಸರ, ಚಾದ ಕಪ್ ಇಡೂ ಟೀಪಾಯಿ ಐತಿ" ಅಂದ್ರು. ಅಳತೆ ಪಟ್ಟಿ ಮುಟ್ಟದೇ ಹೇಳಿದ ಮಾತು. ಅವರ ಮಾತು ಸರಿ ಅಂತ ಲೆಕ್ಕ ಹಾಕಿ ತೋರಿಸೋದು ಹೇಗೆ ಅನ್ನೋದೇ ಈ ಟಾಕ್‌ನ ದೊಡ್ಡ ಭಾಗ.

ಮೊದಲು ಕಾರಣ ನೋಡೋಣ. ಇಮೇಜ್ ಮಾಡೆಲ್ ಕಲಿತಿರೋದು ಚಿತ್ರ ಮತ್ತು ಅದರ ಕೆಳಗಿನ ಬರಹದ ಜೋಡಿಗಳಿಂದ. ಅಂಥ ಬರಹಗಳಲ್ಲಿ "ಕಿಟಕಿ ಪಕ್ಕ ಮರದ ಮೇಜು" ಅಂತ ಇರುತ್ತೆ. ಎತ್ತರ ಇಷ್ಟು ಇಂಚು ಅಂತ ಇರೋದು ತೀರಾ ಅಪರೂಪ, ಇದ್ದರೂ ಆ ಅಂಕಿಗೂ ಪಿಕ್ಸೆಲ್‌ಗೂ ನೇರ ಸಂಬಂಧ ಇರಲ್ಲ. ಹಾಗಾಗಿ ಪ್ರಾಂಪ್ಟ್‌ನಲ್ಲಿರೋ 30 ಅನ್ನೋದು ಮಾಡೆಲ್‌ಗೆ ಅಳತೆ ಅಲ್ಲ, ಬರೀ ಒಂದು ಪದ. ಇದನ್ನ ಐಕಿಯಾ ಜೊತೆ ಹೋಲಿಸಿ ನೋಡಿ. ನವಿ ಮುಂಬೈಯ ತುರ್ಭೆಯಲ್ಲಿ 2020ರ ಡಿಸೆಂಬರ್‌ನಲ್ಲಿ ಅವರ ಅಂಗಡಿ ಶುರುವಾಯ್ತಲ್ಲ, ನಮ್ಮಲ್ಲಿ ಬಹಳ ಜನ ಹೋಗಿ ಬಂದಿದ್ದೀರಿ. ಅವರು 2006ರಲ್ಲೇ ಬರ್ಟಿಲ್ ಅನ್ನೋ ಮರದ ಕುರ್ಚಿಯ ಚಿತ್ರವನ್ನ ಕ್ಯಾಮೆರಾ ಇಲ್ಲದೇ ಕಂಪ್ಯೂಟರ್‌ನಲ್ಲಿ ತಯಾರಿಸಿ ಕ್ಯಾಟಲಾಗ್‌ಗೆ ಹಾಕಿದ್ರು. ಆದರೆ ಅದು 3ಡಿ ಮಾಡೆಲ್‌ನಿಂದ ರೆಂಡರ್ ಮಾಡಿದ್ದು. ಅದರ ಹಿಂದೆ ಅಳತೆ ಇರೋ ಆಕಾರ ಇತ್ತು. ನಾವು ಪ್ರಾಂಪ್ಟ್ ಕೊಟ್ಟು ಪಡೆಯೋ ಚಿತ್ರದ ಹಿಂದೆ ಮೇಜೇ ಇಲ್ಲ, ಮೇಜಿನ ತರ ಕಾಣೋ ಪಿಕ್ಸೆಲ್ ಮಾತ್ರ ಇದೆ.

ಎರಡನೇ ಕಾರಣ ಸ್ಟೈಲ್ ಪದಗಳು. "ಸ್ಕ್ಯಾಂಡಿನೇವಿಯನ್" ಅಂದಾಗ ಮಾಡೆಲ್ ಬಿಳಿ ಗೋಡೆಯನ್ನಷ್ಟೇ ತರಲ್ಲ, ಆ ಹೆಸರಿನ ಚಿತ್ರಗಳಲ್ಲಿ ಇರೋ ತಿಳಿ ಬಣ್ಣದ ಮರ, ಸಪೂರ ಕಾಲು ಎಲ್ಲವನ್ನೂ ಎಳ್ಕೊಂಡು ಬರುತ್ತೆ. "ಜಪಾಂಡಿ" ಅಂದ್ರೆ ಪೀಠೋಪಕರಣ ನೆಲಕ್ಕೆ ಇಳಿಯುತ್ತೆ. "ಲಕ್ಷುರಿ" ಅಂದ್ರೆ ಸೀಲಿಂಗ್ ಮೇಲೇರುತ್ತೆ, ಮೇಜು ಕುಗ್ಗುತ್ತೆ. ಅಂದ್ರೆ ಸ್ಟೈಲ್ ಅನ್ನೋ ಒಂದು ಪದವೇ ನಿಮ್ಮ ಅಳತೆಯನ್ನ ಕೆಡಿಸಬಹುದು. ಅದಕ್ಕೆ ನಾನು ಸ್ಟೈಲ್‌ನ ಹೆಸರು ಬಿಟ್ಟು ಕೋಣೆಯಲ್ಲಿ ಇರೋ ವಸ್ತುಗಳನ್ನ ಹೆಸರಿಸ್ತೀನಿ. ಎರಡಡಿ ಚೌಕದ ಟೈಲ್ಸ್, ಗ್ರಿಲ್ ಇರೋ ಕಿಟಕಿ, ಸಾದಾ ಮರದ ಬಾಗಿಲು. ಗಿರಾಕಿಯ ಮನೆಯಲ್ಲಿ ಇರೋದೂ ಇವೇ ತಾನೆ.

ಇಂಚಿನ ಬದಲು ಪ್ರಮಾಣ ಹೇಳಬೇಕು. ನಮ್ಮ ಮೇಜಿನ ಉದ್ದ ಎತ್ತರದ ಎರಡರಷ್ಟು. ಎರಡಡಿ ಟೈಲ್ಸ್ ಮೇಲೆ ಅದು ಎರಡೂವರೆ ಟೈಲ್ಸ್ ಹಿಡಿಯುತ್ತೆ. ಈ ಮಾತುಗಳಿಗೆ ಚಿತ್ರದಲ್ಲಿ ಕಾಣೋ ಅರ್ಥ ಇದೆ.

```
solid teak dining table seen straight from its long side,
top twice as long as the table is tall, bench beside it,
floor of large square tiles, table spans two and a half tiles,
plain wooden door behind, camera at chest height, 50mm lens
```

ಇಲ್ಲಿ ಕೊನೆಯ ಎರಡು ತುಣುಕು ಮುಖ್ಯ. ಮನೆ ಮಾರೋ ಜಾಹೀರಾತುಗಳ ಫೋಟೋ ಎಲ್ಲ ವೈಡ್ ಲೆನ್ಸ್‌ನವು. ಹತ್ತಡಿ ಹಾಲ್ ಇಪ್ಪತ್ತಡಿ ಕಾಣಲಿ ಅಂತಲೇ ಹಾಗೆ ತೆಗೀತಾರೆ. ಮಾಡೆಲ್ ಕಲಿತ ಕೋಣೆಗಳಲ್ಲಿ ಅಂಥವು ಹೇರಳ. ಹತ್ತಿರದಿಂದ ವೈಡ್ ಲೆನ್ಸ್‌ನಲ್ಲಿ ತೆಗೆದರೆ ಮೇಜಿನ ಮುಂದಿನ ಅಂಚು ಹಿಗ್ಗಿ, ಹಿಂದಿನ ಅಂಚು ಕುಗ್ಗುತ್ತೆ. ನಾಲ್ಕಡಿ ದೂರದಿಂದ ನೋಡಿದಾಗ, ಮೂರಡಿ ಅಗಲದ ಮೇಜಿನ ಹಿಂದಿನ ಅಂಚು ಮುಂದಿನದರ 4/7 ಭಾಗದಷ್ಟೇ ಕಾಣುತ್ತೆ. ಒಂಬತ್ತಡಿ ದೂರದಿಂದ ಆದ್ರೆ ಮುಕ್ಕಾಲು ಭಾಗ ಕಾಣುತ್ತೆ, ಕಣ್ಣಿಗೆ ಸಹಜ ಅನ್ಸುತ್ತೆ. 50 ಎಂಎಂ ಅಂತ ಬರೆದರೆ ಮಾಡೆಲ್ ಲೆನ್ಸ್ ಲೆಕ್ಕ ಹಾಕುತ್ತೆ ಅಂತಲ್ಲ. ಆ ಪದದ ಜೊತೆ ಬರೋ ಫೋಟೋಗಳ ಕಡೆ ಸ್ವಲ್ಪ ವಾಲುತ್ತೆ, ಅಷ್ಟೇ.

ಹಾಗಾದ್ರೆ ಬಂದ ಚಿತ್ರ ಸರಿಯೋ ತಪ್ಪೋ ಹೇಗೆ ಗೊತ್ತಾಗುತ್ತೆ? ನಮ್ಮಲ್ಲಿ ಎಲ್ಲರಿಗೂ ಕಾಕಾ ಕಣ್ಣು ಇರಲ್ಲ. ಅದಕ್ಕೆ ಚಿತ್ರಕಾರರ ಹಳೆಯ ಉಪಾಯ ಒಂದಿದೆ, ದಿಗಂತ ರೇಖೆ. ನೆಲದ ಟೈಲ್ಸ್ ಗೆರೆಗಳು ನಮ್ಮಿಂದ ದೂರ ಹೋಗ್ತಾ ಹತ್ತಿರ ಹತ್ತಿರ ಬರ್ತವಲ್ಲ, ಅವನ್ನ ಮುಂದಕ್ಕೆ ಎಳೀತಾ ಹೋದ್ರೆ ಒಂದು ಬಿಂದುವಿನಲ್ಲಿ ಸೇರ್ತವೆ. ಆ ಬಿಂದುವಿನ ಮೂಲಕ ಅಡ್ಡಗೆರೆ ಎಳೀರಿ. ಅದೇ ದಿಗಂತ ರೇಖೆ. ಅದು ಯಾವಾಗಲೂ ಕ್ಯಾಮೆರಾದ ಎತ್ತರದಲ್ಲೇ ಇರುತ್ತೆ. ಕ್ಯಾಮೆರಾ ನೆಲದಿಂದ 48 ಇಂಚು ಮೇಲಿದ್ರೆ, ಹತ್ತಿರದ ಮೇಜಿಗೂ ದೂರದ ಬಾಗಿಲಿಗೂ ಆ ಗೆರೆ 48 ಇಂಚಿನ ಮಟ್ಟದಲ್ಲೇ ಇರುತ್ತೆ. ಕ್ಯಾಮೆರಾ ಮೇಲೆ ಕೆಳಗೆ ವಾಲಿರಬಾರದು, ಅಂದ್ರೆ ಚಿತ್ರದಲ್ಲಿ ಗೋಡೆಯ ಮೂಲೆ ಮತ್ತು ಬಾಗಿಲ ಚೌಕಟ್ಟು ನೆಟ್ಟಗೆ ನಿಂತಿರಬೇಕು. ಷರತ್ತು ಅದೊಂದೇ.

ಇದರ ಬಲ ಏನಂದ್ರೆ, ವಸ್ತು ಎಷ್ಟು ದೂರ ಇದೆ ಅಂತ ಗೊತ್ತಿರಬೇಕಾಗಿಲ್ಲ. ವಸ್ತುವಿನ ಬುಡದಿಂದ ದಿಗಂತ ರೇಖೆವರೆಗೆ ಎಷ್ಟು ಪಿಕ್ಸೆಲ್, ಬುಡದಿಂದ ವಸ್ತುವಿನ ತಲೆವರೆಗೆ ಎಷ್ಟು ಪಿಕ್ಸೆಲ್, ಈ ಎರಡನ್ನ ಭಾಗಿಸಿದ್ರೆ ಸಾಕು. ಗಿಂಪ್‌ನಲ್ಲಿ ಅಳೆಯೋ ಟೂಲ್ ಇದೆ, ಎರಡು ನಿಮಿಷದ ಕೆಲಸ. ನಮ್ಮ ಮೊದಲ ಚಿತ್ರದಲ್ಲಿ ಹಿಂದೆ ಒಂದು ಬಾಗಿಲು ಇತ್ತು. ಅದನ್ನ ಏಳಡಿ ಅಂತ, ಅಂದ್ರೆ 84 ಇಂಚು ಅಂತ ಇಟ್ಕೊಳ್ಳಿ. ಅದರ ಎತ್ತರ 560 ಪಿಕ್ಸೆಲ್, ಬುಡದಿಂದ ದಿಗಂತ ರೇಖೆಗೆ 320. ಮೇಜಿನ ಮುಂದಿನ ಕಾಲಿನ ಬುಡದಿಂದ ದಿಗಂತ ರೇಖೆಗೆ 500 ಪಿಕ್ಸೆಲ್, ಅದೇ ಬುಡದಿಂದ ಮೇಜಿನ ಮೇಲ್ಮೈಗೆ 230.

```
camera = 84 * 320 / 560    # 48.0
table  = camera * 230 / 500  # 22.08
```

22 ಇಂಚು. ಕಾಕಾ ಹೇಳಿದ ಟೀಪಾಯಿ ಇದೇ! ಊಟದ ಮೇಜು ಆಗಬೇಕಿದ್ರೆ 230ರ ಜಾಗದಲ್ಲಿ ಸುಮಾರು 312 ಬರಬೇಕಿತ್ತು, ಅಂದ್ರೆ ಬುಡದಿಂದ ದಿಗಂತ ರೇಖೆವರೆಗಿನ ದೂರದಲ್ಲಿ 5/8 ಭಾಗ. ಬೆಂಚಿಗೆ 3/8. ಈ ಎರಡು ಭಿನ್ನರಾಶಿ ಒಂದು ಚೀಟಿಯಲ್ಲಿ ಬರೆದಿಟ್ಕೊಂಡ್ರೆ ಉಳಿದ ಚಿತ್ರಗಳನ್ನ ಕಣ್ಣಳತೆಯಲ್ಲೇ ಜಾಲಿಸಬಹುದು. ಇನ್ನೊಂದು ಕಾಣುತ್ತೆ ಇಲ್ಲಿ: ಕೆಲವು ಚಿತ್ರಗಳಲ್ಲಿ ಟೈಲ್ಸ್ ಗೆರೆಗಳು ಒಂದು ಎತ್ತರದಲ್ಲಿ ಸೇರಿದ್ರೆ, ಮೇಜಿನ ಅಂಚುಗಳು ಬೇರೆ ಎತ್ತರದಲ್ಲಿ ಸೇರ್ತವೆ. ಅಂಥದನ್ನ ಅಳೆಯೋಕೂ ಹೋಗಬೇಡಿ. ಆ ಮೇಜು ಆ ಕೋಣೆಯಲ್ಲೇ ಇಲ್ಲ, ಅಂಟಿಸಿದ ಹಾಗಿದೆ.

ಪ್ರಮಾಣ ಹೇಳೋ ಪ್ರಾಂಪ್ಟ್ ಕೊಟ್ಟ ಮೇಲೆ ಚಿತ್ರಗಳು ಮೊದಲಿಗಿಂತ ಎಷ್ಟೋ ವಾಸಿ ಆದವು, ಆದರೂ ಎಲ್ಲವೂ ಸರಿ ಬರಲಿಲ್ಲ. ಪದಗಳಿಂದ ಆಗೋದು ಇಷ್ಟೇ. ಅದಕ್ಕಿಂತ ಮುಂದೆ ಹೋಗಬೇಕಿದ್ರೆ ಆಕಾರವನ್ನೇ ಕೊಡಬೇಕು. ಬ್ಲೆಂಡರ್‌ನಲ್ಲಿ ಆರೇಳು ಡಬ್ಬ ಇಟ್ಟು ಮೇಜು, ಬೆಂಚು, ಬಾಗಿಲು, ಗೋಡೆ ಮಾಡಿ. ನಿಜವಾದ ಇಂಚುಗಳಲ್ಲೇ ಮಾಡಿ, ಕ್ಯಾಮೆರಾ 48 ಇಂಚು ಎತ್ತರದಲ್ಲಿ ಇಡಿ. ಅದರಿಂದ ಡೆಪ್ತ್ ಚಿತ್ರ ತೆಗೀರಿ, ಹತ್ತಿರ ಇರೋದು ಬಿಳಿ, ದೂರ ಇರೋದು ಕಪ್ಪು. ಆ ಚಿತ್ರವನ್ನ ಕಂಟ್ರೋಲ್‌ನೆಟ್ ಮೂಲಕ ಪ್ರಾಂಪ್ಟ್ ಜೊತೆ ಕೊಟ್ರೆ ಮಾಡೆಲ್ ಆ ಆಕಾರದ ಮೇಲೆಯೇ ಕೋಣೆ ಕಟ್ಟುತ್ತೆ. 2023ರಲ್ಲಿ ಬಂದ ವಿಧಾನ ಇದು, ಸ್ಟೇಬಲ್ ಡಿಫ್ಯೂಷನ್ ಓಡಿಸೋರಿಗೆ ಗೊತ್ತಿರುತ್ತೆ. ನನಗೆ ಅದರ ತೂಕ 0.7ರ ಸುತ್ತ ಇಟ್ಟಾಗ ಚೆನ್ನಾಗಿ ಬಂತು. 1ರ ಹತ್ತಿರ ಇಟ್ರೆ ಕಾಲುಗಳು ಡಬ್ಬದ ಹಾಗೇ ಉಳಿತಾವೆ, ಕಾಕಾ ಕಾಲಿಗೆ ಕೊಟ್ಟ ಸಣ್ಣ ಓರೆ ಮಾಯ.

ಈಗ ಮರದ ಎಳೆ. ಸಾಗುವಾನಿಯ ದಿಮ್ಮಿಯನ್ನ ಉದ್ದಕ್ಕೆ ಸುಮ್ಮನೆ ಪದರ ಪದರವಾಗಿ ಕೊಯ್ದರೆ, ಮರದ ವರ್ಷದ ಉಂಗುರಗಳು ಹಲಗೆಯ ಮೇಲೆ ಕಮಾನಿನ ಹಾಗೆ, ಒಂದರೊಳಗೊಂದು ಗೋಪುರದ ಹಾಗೆ ಕಾಣ್ತವೆ. ಉಂಗುರಕ್ಕೆ ನೆಟ್ಟಗೆ ಕೊಯ್ದರೆ ಬರೀ ಉದ್ದ ಗೆರೆಗಳು. ಎರಡರಲ್ಲೂ ಎಳೆ ಹಲಗೆಯ ಉದ್ದಕ್ಕೇ ಓಡುತ್ತೆ, ಹಲಗೆಯ ತುದಿಯಲ್ಲಿ ಉಂಗುರದ ತುಂಡು ಕಾಣುತ್ತೆ. ಮಾಡೆಲ್‌ಗೆ ಕೊಯ್ತ ಗೊತ್ತಿಲ್ಲ. ಅದು ಮೇಜಿನ ತುಂಬ ಒಂದೇ ಚಿತ್ತಾರ ಹರಡುತ್ತೆ, ಕಾಲಿನಲ್ಲಿ ಎಳೆಯನ್ನ ಅಡ್ಡಕ್ಕೆ ಓಡಿಸುತ್ತೆ, ಕಾಲಿನಿಂದ ಅಡ್ಡಪಟ್ಟಿಗೆ ಜೋಡಣೆಯೇ ಇಲ್ಲದೇ ಎಳೆಯನ್ನ ತಿರುಗಿಸಿಬಿಡುತ್ತೆ. ಕಾಕಾಗೆ ಅದನ್ನ ತೋರಿಸಿದಾಗ "ಎಳಿ ಅಡ್ಡ ಇದ್ರ ಆ ಕಾಲು ಒಂದ್ ಒದಿಗೆ ಮುರಿತೈತ್ರಿ" ಅಂದ್ರು. ನೋಡೋ ಗಿರಾಕಿಗೆ ಇಷ್ಟು ಬಿಡಿಸಿ ಹೇಳೋಕೆ ಬರಲ್ಲ, ಆದರೆ "ಇದು ಸನ್‌ಮೈಕಾ ತರ ಇದೆ" ಅನ್ನೋದು ಅವರಿಗೂ ಅನ್ಸುತ್ತೆ. ಹಾಗಾಗಿ "ಮರದ ಎಳೆ ಸ್ಪಷ್ಟ ಕಾಣಲಿ" ಅಂತ ಬರೆಯೋ ಬದಲು ಮೇಜು ಹೇಗೆ ಕಟ್ಟಿದೆ ಅಂತ ಬರೀರಿ:

```
top of five flat-sawn teak planks running lengthwise,
each plank a slightly different golden brown,
arched grain, matte oil finish, straight grain down each leg
```

36 ಇಂಚಿಗೆ ಐದು ಹಲಗೆ ಅಂದ್ರೆ ಒಂದೊಂದು ಏಳು ಇಂಚಿನ ಚಿಲ್ಲರೆ, ಕಾಕಾ ಹಾಕೋದೂ ಅಷ್ಟೇ. ಮಾಡೆಲ್ ಎಣಿಕೆಯಲ್ಲಿ ಎಡವುತ್ತೆ, ನಾಲ್ಕೋ ಆರೋ ಬರಬಹುದು, ಅದು ಪರವಾಗಿಲ್ಲ. ಹಲಗೆಗಳು ಬೇರೆ ಬೇರೆ ಅಂತ ಕಂಡರೆ ಸಾಕು. "ಮ್ಯಾಟ್" ಅಂತ ಬರೆಯದಿದ್ರೆ ಹೆಚ್ಚಾಗಿ ಗಾಜಿನ ಹಾಗೆ ಹೊಳೆಯೋ ಪಾಲಿಶ್ ಬರುತ್ತೆ, ಎಳೆ ಅದರಡಿ ಮುಳುಗುತ್ತೆ. ಒಂದು ಮಾತು, ಸ್ಟೇಬಲ್ ಡಿಫ್ಯೂಷನ್ 1.5 ತರದ ಹಳೇ ಮಾಡೆಲ್‌ಗಳು ಒಂದು ಸಲಕ್ಕೆ ಓದೋದು 77 ಟೋಕನ್ ಮಾತ್ರ. ಅವುಗಳಿಗೆ ಮೇಜಿನ ಮಾತು ಮೊದಲು ಬರಲಿ, ಕೋಣೆಯದು ಆಮೇಲೆ.

ಇಲ್ಲಿ ಒಂದು ಮಿತಿ ಹೇಳಲೇಬೇಕು. 1024 ಪಿಕ್ಸೆಲ್ ಅಗಲದ ಚಿತ್ರದಲ್ಲಿ ನಮ್ಮ ಮೇಜು 500 ಪಿಕ್ಸೆಲ್ ಹಿಡಿದ್ರೆ, ಒಂದು ಇಂಚಿಗೆ ಎಂಟು ಪಿಕ್ಸೆಲ್. ಅಂದ್ರೆ ಒಂದು ಪಿಕ್ಸೆಲ್‌ನಲ್ಲಿ ಮೂರು ಮಿಲಿಮೀಟರ್ ಮರ. ಸಾಗುವಾನಿಯ ಸೂಕ್ಷ್ಮ ರಂಧ್ರಗಳು ಒಂದು ಮಿಲಿಮೀಟರ್‌ಗಿಂತ ಸಣ್ಣವು. ಅವು ಆ ಚಿತ್ರದಲ್ಲಿ ಕಾಣೋಕೆ ಸಾಧ್ಯವೇ ಇಲ್ಲ. ಇಡೀ ಕೋಣೆಯ ಚಿತ್ರದಲ್ಲಿ ಕಮಾನಿನ ಚಿತ್ತಾರ, ಹಲಗೆಗಳ ಬಣ್ಣದ ವ್ಯತ್ಯಾಸ ಕಾಣಬೇಕು, ಅಷ್ಟೇ. ಆಮೇಲೆ ಅಪ್‌ಸ್ಕೇಲರ್ ಹಾಕಿ ರಂಧ್ರ ಕಾಣಿಸಿದ್ರೆ ಅದು ಹೊಸದಾಗಿ ಕಟ್ಟಿದ ರಂಧ್ರ, ಕಾಕಾ ಮರದ್ದಲ್ಲ. ಎಳೆ ತೋರಿಸಬೇಕಿದ್ರೆ ಮೇಜಿನ ಒಂದು ಮೂಲೆಯದ್ದು ಎರಡನೇ ಚಿತ್ರ ಬೇಕು, ಅದು ಫೋನಿನಲ್ಲಿ ತೆಗೆದ ನಿಜವಾದ ಫೋಟೋ ಆಗಿರಲಿ ಅನ್ನೋದು ನನ್ನ ಹಟ.

ಬೆಳಕು. "ನ್ಯಾಚುರಲ್ ಲೈಟ್" ಅಂತಷ್ಟೇ ಬರೆದರೆ ಕಿಟಕಿ ಬರುತ್ತೆ, ಜೊತೆಗೆ ಉರಿಯೋ ದೀಪ, ಫಾಲ್ಸ್ ಸೀಲಿಂಗ್ ಒಳಗಿನ ಎಲ್‌ಇಡಿ ಪಟ್ಟಿ ಎಲ್ಲ ಬರುತ್ತೆ. "ದೀಪ ಬೇಡ" ಅಂತ ಬರೆದ್ರೆ ಎಷ್ಟೋ ಮಾಡೆಲ್‌ಗಳು ದೀಪ ಅನ್ನೋ ಪದವನ್ನೇ ಹಿಡ್ಕೊಂಡು ಇನ್ನೊಂದು ಹಚ್ತಾವೆ. ಬೇಡದ್ದನ್ನ ಬಿಟ್ಟು ಬೇಕಾದ್ದನ್ನ ಹೇಳಿ:

```
one grilled window on the left, overcast monsoon daylight,
the window is the only light source,
left end of the table brighter than the right end
```

ಕೊನೆಯ ಸಾಲು ಯಾಕೆ? ಕಿಟಕಿಯಿಂದ ದೂರ ಹೋದ ಹಾಗೆ ಬೆಳಕು ಕುಂದುತ್ತೆ. ಕಿಟಕಿಗೆ ಎರಡಡಿ ದೂರದ ಮೇಜಿನ ತುದಿಗೂ ಏಳಡಿ ದೂರದ ತುದಿಗೂ ಕಣ್ಣಿಗೆ ಕಾಣೋ ವ್ಯತ್ಯಾಸ ಇರಬೇಕು. ಇಡೀ ಮೇಜು ಒಂದೇ ಸಮ ಬೆಳಗಿದ್ರೆ ಅದು ಸ್ಟುಡಿಯೋ ಬೆಳಕು. ನೆರಳೆಲ್ಲ ಬಲಕ್ಕೇ ಬೀಳಬೇಕು, ಕಾಲು ನೆಲ ಮುಟ್ಟೋ ಜಾಗದಲ್ಲಿ ಕಪ್ಪಾಗಿದ್ದು ದೂರ ಹೋಗ್ತಾ ಮೆತ್ತಗಾಗಬೇಕು. ಮೋಡದ ಬೆಳಕು ಅಂದ ಮೇಲೆ ಗ್ರಿಲ್‌ನ ಚೂಪಾದ ನೆರಳು ನೆಲದ ಮೇಲೆ ಬರಬಾರದು, ಬಂದ್ರೆ ಚಿತ್ರ ತನ್ನನ್ನ ತಾನೇ ಸುಳ್ಳು ಮಾಡ್ಕೊಂಡ ಹಾಗೆ.

ಸಂಜೆಯ ಹೊಂಬೆಳಕು ನಾನು ಹಾಕಲ್ಲ. ಅದು ಚಿತ್ರವನ್ನ ಕಿತ್ತಳೆ ಮಾಡುತ್ತೆ, ಸಾಗುವಾನಿಯ ಕಂದು ಬಣ್ಣ ಕೆಂಪಿಗೆ ತಿರುಗುತ್ತೆ, ಗಿರಾಕಿ ಅದೇ ಬಣ್ಣದ ಪಾಲಿಶ್ ಕೇಳ್ತಾರೆ. ಕಿಟಕಿ ಎದುರಿಗೂ ಬೇಡ. ಮೇಜಿನ ಹಿಂದೆ ಕಿಟಕಿ ಇದ್ರೆ ಅದರ ಪ್ರತಿಫಲನ ಮೇಲ್ಮೈ ಮೇಲೆ ಬಿಳಿ ಹಾಳೆ ಹಾಸಿದ ಹಾಗೆ ಬಂದು ಎಳೆ ಮುಚ್ಚಿಹೋಗುತ್ತೆ. ಪಕ್ಕದ ಕಿಟಕಿಯೇ ವಾಸಿ. ಮೂಲೆಯ ಹತ್ತಿರದ ಫೋಟೋ ತೆಗೆಯುವಾಗ ಮಾತ್ರ ಮೇಜನ್ನ ತಿರುಗಿಸಿ, ಬೆಳಕು ಎಳೆಗೆ ಅಡ್ಡವಾಗಿ ಹಾಯೋ ಹಾಗೆ ಮಾಡಿ. ಬೆಳಕು ಎಳೆಯ ಉದ್ದಕ್ಕೇ ಓಡಿದ್ರೆ ರಂಧ್ರಗಳ ನೆರಳೇ ಬೀಳಲ್ಲ, ಮರ ಸಪಾಟು ಕಾಣುತ್ತೆ.

ಕೊನೆಗೆ ನಾವು ಕ್ಯಾಟಲಾಗ್‌ಗೆ ಇಟ್ಕೊಂಡ ವಿಧಾನ ಹೇಳ್ತೀನಿ. ಮೇಜನ್ನ ಮಾಡೆಲ್ ಕೈಯಲ್ಲಿ ಬರೆಸೋದೇ ಬಿಟ್ವಿ. ಕಾಕಾ ಸಿದ್ಧವಾದ ಮೇಜನ್ನ ಶಟರ್ ಹತ್ತಿರ ಇಡ್ತಾರೆ, ಶಟರ್ ಎಡಕ್ಕೆ ಬರೋ ಹಾಗೆ. ಅವರ ಹುಡುಗ ಒಂಬತ್ತಡಿ ಹಿಂದೆ ಸರಿದು, ನಾಲ್ಕಡಿ ಗುರುತು ಹಾಕಿದ ಕೋಲಿಗೆ ಫೋನ್ ಒರಗಿಸಿ ನೆಟ್ಟಗೆ ಹಿಡಿದು, ಅಗತ್ಯ ಬಿದ್ರೆ ಎರಡು ಪಟ್ಟು ಜೂಮ್ ಮಾಡಿ ಫೋಟೋ ತೆಗೀತಾನೆ. ನಾನು ಮೇಜು ಬೆಂಚುಗಳಿಗೆ ಮಾಸ್ಕ್ ಹಾಕಿ, ಸುತ್ತಲಿನ ವರ್ಕ್‌ಶಾಪ್ ಮಾತ್ರ ಬದಲಿಸು ಅಂತ ಇನ್‌ಪೇಂಟಿಂಗ್‌ಗೆ ಕೊಡ್ತೀನಿ. ಪ್ರಾಂಪ್ಟ್‌ನಲ್ಲಿ ಈಗ ಕೋಣೆಯ ಮಾತು ಮಾತ್ರ: ಎಡಕ್ಕೆ ಕಿಟಕಿ, ಚೌಕ ಟೈಲ್ಸ್, ಹಿಂದೆ ಬಾಗಿಲು, ಎದೆ ಎತ್ತರದ ಕ್ಯಾಮೆರಾ. ಎಳೆ ನಿಜ, ಬಣ್ಣ ನಿಜ, ಮೇಜಿನ ಉದ್ದಗಲ ನಿಜ. ಸುಳ್ಳಾಗಬಹುದಾದ್ದು ಕೋಣೆ ಒಂದೇ. ಹಾಗಾಗಿ ಲೆಕ್ಕ ಈಗ ತಿರುಗಿಸಿ ಹಾಕ್ತೀನಿ: ಮೇಜು 30 ಇಂಚು ಅಂತ ಖಚಿತ, ಅದರಿಂದ ಬಾಗಿಲು ಎಷ್ಟು ಬರುತ್ತೆ? 80ರಿಂದ 86ರೊಳಗೆ ಬಂದ್ರೆ ಇಟ್ಕೋತೀನಿ. ಒಂದು ಸಲ ಬಾಗಿಲು 110 ಇಂಚು ಬಂತು, ಅರಮನೆ ಬಾಗಿಲು. ಅಂಥ ಕೋಣೆಯಲ್ಲಿ ನಮ್ಮ ಐದಡಿ ಮೇಜು ಪುಟಾಣಿ ಕಾಣುತ್ತೆ, ಅದನ್ನ ನೋಡಿದ ಗಿರಾಕಿ ಆರಡಿ ಆರ್ಡರ್ ಮಾಡಿ ತಮ್ಮ ಹಾಲ್‌ನಲ್ಲಿ ಓಡಾಡೋಕೆ ಜಾಗ ಇಲ್ಲದೇ ಕೂರ್ತಾರೆ.

ಮಾಸ್ಕ್ ಅಂಚಿನಲ್ಲಿ ಒಂದು ತೊಂದರೆ ಬರುತ್ತೆ. ಕಾಲಿನ ಬುಡದ ನೆರಳನ್ನೂ ಮಾಸ್ಕ್ ಕತ್ತರಿಸಿಬಿಟ್ರೆ ಮೇಜು ಗಾಳಿಯಲ್ಲಿ ತೇಲುತ್ತೆ. ಅದಕ್ಕೆ ಬುಡದ ಸುತ್ತ ಒಂದೆರಡು ಇಂಚು ನೆಲವನ್ನ, ಅದರ ಕಪ್ಪು ನೆರಳಿನ ಸಮೇತ, ಫೋಟೋದಿಂದಲೇ ಉಳಿಸ್ಕೊಳ್ಳಿ. ಮಾಡೆಲ್ ಅದರಾಚೆಗೆ ನೆರಳನ್ನ ಮುಂದುವರಿಸುತ್ತೆ. ವರ್ಕ್‌ಶಾಪ್ ನೆಲ ಸಿಮೆಂಟಿನದಾದ್ರೆ ಟೈಲ್ಸ್ ಜೊತೆ ಬಣ್ಣ ಹೊಂದಲ್ಲ, ಹಾಗಾಗಿ ಕಾಕಾ ಈಗ ಶಟರ್ ಹತ್ತಿರ ಎಂಟು ಹಳೇ ಟೈಲ್ಸ್ ಹಾಸಿಟ್ಟಿದ್ದಾರೆ. ಎರಡಡಿ ಚೌಕದವೇ. ಚಿತ್ರದ ಕೆಳಗೆ ಅವರು ಕನ್ನಡ, ಮರಾಠಿ ಎರಡರಲ್ಲೂ ಬರೆಸೋದು ಎರಡೇ ಸಾಲು: ಮೇಜಿನ ಅಳತೆ ಇಂಚಿನಲ್ಲಿ ಇಷ್ಟು, ಮತ್ತು ಕೋಣೆ ಕಂಪ್ಯೂಟರ್‌ನಲ್ಲಿ ಮಾಡಿದ್ದು, ಮೇಜು ನಮ್ಮದು.